ಬೋರ್ಡ್ ಹೊಂದಿತು, ಆದರೆ ಜಾಗ ಅದೇನಾ? ಸ್ಟ್ರೀಟ್ ವ್ಯೂನಲ್ಲಿ ನೋಡುವುದು ಹೀಗೆ

ಒಂದು ಫೋಟೊ ಇದೆ, ಅದನ್ನು ಎಲ್ಲಿ ತೆಗೆದದ್ದು ಎಂದು ಪತ್ತೆ ಮಾಡಬೇಕು ಎಂದುಕೊಳ್ಳಿ. ಯಾವುದೋ ಜಂಕ್ಷನ್, ಮೂಲೆಯಲ್ಲಿ ಹಸಿರು ಬೋರ್ಡಿನ ಔಷಧ ಅಂಗಡಿ. ಬೋರ್ಡಿನ ಹೆಸರನ್ನು ಗೂಗಲ್ ಮ್ಯಾಪ್‌ನಲ್ಲಿ ಹುಡುಕಿದರೆ ಎರಡು ಜಾಗ ಸಿಕ್ಕಿವೆ. ಒಂದು ಈಗಲೂ ನಡೆಯುತ್ತಿರುವ ಅಂಗಡಿ. ಇನ್ನೊಂದು ಮುಚ್ಚಿಹೋಗಿದೆ ಎಂದು ಮ್ಯಾಪೇ ಹೇಳುತ್ತಿದೆ. ಯಾವುದು ಸರಿ?

ಮ್ಯಾಪ್‌ನಲ್ಲೇ ಬೀದಿಯ ಚಿತ್ರ ತೋರಿಸುವ ಸ್ಟ್ರೀಟ್ ವ್ಯೂ ತೆರೆಯುವ ಮುಂಚೆ ಫೋಟೊವನ್ನೇ ಸರಿಯಾಗಿ ನೋಡಿ, ಕಂಡದ್ದನ್ನು ಬರೆದಿಟ್ಟುಕೊಳ್ಳಿ. ಯಾಕಂದ್ರೆ ಬೀದಿ ಒಮ್ಮೆ ಕಣ್ಣೆದುರು ಬಂದ ಮೇಲೆ, ಹೊಂದದೇ ಇರುವುದೂ ಹೊಂದಿದಂತೆಯೇ ಕಾಣಲು ಶುರುವಾಗುತ್ತದೆ. ಬೋರ್ಡು, ಗೋಡೆಯ ಬಣ್ಣ, ಜಾಹೀರಾತು ಇವೆಲ್ಲ ಬದಲಾಗುವಂಥವು, ಪಟ್ಟಿಯಲ್ಲಿ ಕೆಳಗಿರಲಿ. ಕಿಟಕಿಗಳ ಸಾಲು, ಬಾಲ್ಕನಿಯ ಆಕಾರ, ರಸ್ತೆಯ ಏರು, ಅಂಗಡಿಯ ಪಕ್ಕದ ಓಣಿ ಇವು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ನಮ್ಮ ಫೋಟೊದಲ್ಲಿ ಎಡದಿಂದ ಬಲಕ್ಕೆ ಹೀಗಿದೆ: ವಿದ್ಯುತ್ ಕಂಬ, ಎರಡು ಶಟರ್, ಕಿರಿದಾದ ಓಣಿ, ಆಮೇಲೆ ದುಂಡು ಬಾಲ್ಕನಿಯ ಮನೆ.

ಈಗ ಮ್ಯಾಪ್‌ನ ಹಳದಿ ಗೊಂಬೆಯನ್ನು ಎತ್ತಿ ಮೊದಲ ಜಾಗದ ಮೇಲೆ ಹಿಡಿಯಿರಿ. ನೀಲಿ ಗೆರೆ ಇರುವ ಕಡೆ ಬೀದಿಯುದ್ದಕ್ಕೂ ಸಾಗಬಹುದು, ಬರೀ ನೀಲಿ ಚುಕ್ಕೆ ಇದ್ದರೆ ಅದು ಯಾರೋ ಒಂದೇ ಕಡೆ ನಿಂತು ತೆಗೆದ ಚಿತ್ರ. ಏನೂ ಇಲ್ಲದಿದ್ದರೆ Mapillary ನೋಡಿ, ಅಲ್ಲಿ ಜನರೇ ತೆಗೆದ ಬೀದಿ ಚಿತ್ರಗಳಿವೆ.

ಮೊದಲ ಜಾಗದಲ್ಲಿ ಹಸಿರು ಬೋರ್ಡು ಹಾಗೇ ಇದೆ, ಅಕ್ಷರವೂ ಅದೇ. ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. ಆದರೆ ಓಣಿ ಎಲ್ಲಿದೆ ನೋಡಿ: ಶಟರ್‌ಗಳ ಎಡಕ್ಕೆ! ಫೋಟೊ ಎಡಬಲ ತಿರುಗಿರಬಹುದಾ? ಬೋರ್ಡಿನ ಅಕ್ಷರ ನೆಟ್ಟಗೆ ಓದಲು ಬರುತ್ತಿದೆ, ಹಾಗಾಗಿ ಅದೂ ಅಲ್ಲ. ಒಂದೇ ಹೆಸರಿನ ಶಾಖೆಗಳಿಗೆ ಬೋರ್ಡು ಒಂದೇ ಅಚ್ಚಿನಲ್ಲಿ ಬರುತ್ತದೆ, ಓಣಿ ಹಾಗೆ ಬರುವುದಿಲ್ಲ ಅಲ್ವಾ. ಈ ಜಾಗ ಬಿಟ್ಟುಬಿಡಿ.

ಎರಡನೆಯದರಲ್ಲಿ ಔಷಧ ಅಂಗಡಿಯೇ ಇಲ್ಲ, ಕೆಂಪು ಬೋರ್ಡಿನ ಬೇರೆ ಅಂಗಡಿ ಇದೆ. ಆದರೆ ಕಂಬ, ಶಟರ್, ಓಣಿ, ಬಾಲ್ಕನಿ ಎಲ್ಲವೂ ಅದೇ ಕ್ರಮದಲ್ಲಿವೆ. ಈಗ ಚಿತ್ರದ ತಿಂಗಳು, ವರ್ಷ ಬರೆದಿರುವಲ್ಲಿ See more dates ಒತ್ತಿ. ಹಳೆಯ ಚಿತ್ರಗಳು ಇದ್ದರೆ ಅವು ಸಾಲಾಗಿ ಬರುತ್ತವೆ. ಹಿಂದಿನ ಒಂದು ಚಿತ್ರದಲ್ಲಿ ಹಸಿರು ಬೋರ್ಡು ಕಂಡರೆ, ಫೋಟೊ ಸುಮಾರು ಯಾವ ಕಾಲದ್ದು ಎಂಬ ಸುಳಿವೂ ಜೊತೆಗೇ ಸಿಕ್ಕಿತು.

ಕೊನೆಯ ಪರೀಕ್ಷೆ ಸ್ವಲ್ಪ ತಾಳ್ಮೆ ಬೇಡುತ್ತದೆ. ಫೋಟೊದಲ್ಲಿ ಹತ್ತಿರದ ವಸ್ತು ದೂರದ ಯಾವುದನ್ನು ಮರೆಮಾಡಿದೆ ನೋಡಿ. ನಮ್ಮದರಲ್ಲಿ ಕಂಬವು ಹಿಂದಿನ ಕಟ್ಟಡದ ಮೂರನೇ ಕಿಟಕಿಯ ಎಡ ಅಂಚನ್ನು ಮುಚ್ಚಿದೆ. ಸ್ಟ್ರೀಟ್ ವ್ಯೂನಲ್ಲಿ ಒಂದೊಂದೇ ಹೆಜ್ಜೆ ಹಿಂದೆ ಮುಂದೆ ಹೋದರೆ ಕಂಬ ಕಿಟಕಿಗಳ ಮೇಲೆ ಜಾರುತ್ತಾ ಹೋಗುತ್ತದೆ. ಅದು ಮೂರನೇ ಕಿಟಕಿಯ ಅಂಚಿಗೆ ಬಂದಾಗ, ಫೋಟೊ ತೆಗೆದವರು ನಿಂತ ಗೆರೆಯ ಮೇಲೆ ಅಥವಾ ಅದರ ಆಸುಪಾಸಿನಲ್ಲಿ ನೀವಿದ್ದೀರಿ. ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು ಎಂದು ಹಟ ಹಿಡಿಯಬೇಡಿ. ಸ್ಟ್ರೀಟ್ ವ್ಯೂ ಕಾರಿನ ಕ್ಯಾಮೆರಾ ತಲೆಗಿಂತ ಎತ್ತರದಲ್ಲಿ, ರಸ್ತೆಯ ಮೇಲೆ ಇರುತ್ತದೆ. ಫೋಟೊ ತೆಗೆದವರು ಬಹುಶಃ ಫುಟ್‌ಪಾತ್‌ನಲ್ಲಿದ್ದರು. ಹಾಗಾಗಿ ಕಂಬದ ತುದಿ ಯಾವ ಮಹಡಿಗೆ ತಾಗುತ್ತದೆ ಎಂಬುದು ಹೊಂದದೇ ಹೋಗಬಹುದು. ಹಲವು ಚಿತ್ರ ಹೊಲಿದು ಒಂದು ಮಾಡುವುದರಿಂದ ಕಂಬಗಳು ಕೆಲವೊಮ್ಮೆ ಮಧ್ಯೆ ಮುರಿದಂತೆಯೂ ಕಾಣುತ್ತವೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ದಿಕ್ಕು ಬೇಕಿದ್ದರೆ ಕಂಪ್ಯೂಟರಿನ ಬ್ರೌಸರ್‌ನಲ್ಲಿ ವಿಳಾಸದ ಸಾಲು ನೋಡಿ, ಅದರಲ್ಲಿ ಇಂಥದ್ದೊಂದು ತುಂಡು ಇರುತ್ತದೆ:

```
3a,75y,210h,90t
```

`h` ಹಿಂದಿರುವ ಅಂಕಿ ನೋಟದ ದಿಕ್ಕು: 0 ಉತ್ತರ, 90 ಪೂರ್ವ, 210 ಎಂದರೆ ದಕ್ಷಿಣದಿಂದ ಸ್ವಲ್ಪ ಪಶ್ಚಿಮಕ್ಕೆ. ಫೋಟೊದ ನೆರಳು ಈ ದಿಕ್ಕಿಗೆ ಒಪ್ಪುತ್ತದಾ ಎಂದೂ ನೋಡಬಹುದು.

ವ್ಯತ್ಯಾಸ ಕಂಡಾಗ ಅದಕ್ಕೆ ಕಾರಣ ಇದೆಯಾ ಎಂದು ಕೇಳಿಕೊಳ್ಳಿ. ಫೋಟೊಗಿಂತ ಹೊಸ ಚಿತ್ರದಲ್ಲಿ ಮಹಡಿ ಹೆಚ್ಚಾಗಿದ್ದರೆ ಕಟ್ಟಿರಬಹುದು. ಕಡಿಮೆಯಾಗಿದ್ದರೆ ಅನುಮಾನ ಪಡಿ. ಬೋರ್ಡು ಮಸುಕಾಗಿದ್ದರೆ, ಮುಖ ಮತ್ತು ನಂಬರ್ ಪ್ಲೇಟ್ ಮಸುಕು ಮಾಡುವ ಯಂತ್ರ ಅದನ್ನೂ ತಪ್ಪಿ ಅಳಿಸಿರಬಹುದು. ಹಳೆಯ ಚಿತ್ರವೇ ಸಿಗದಿದ್ದರೆ ಕಟ್ಟಡ ಹೊಂದಿತು, ಬೋರ್ಡು ಖಚಿತವಿಲ್ಲ ಎಂದಷ್ಟೇ ಬರೆಯಿರಿ. ಇನ್ನೊಂದು ಮಾತು, ಇದೆಲ್ಲ ಜಂಕ್ಷನ್, ಅಂಗಡಿಗಳಿಗೆ ಸರಿ, ಯಾರದೋ ಮನೆ ಪತ್ತೆ ಹಚ್ಚಲು ಅಲ್ಲ.

ಲಿಂಕ್ ಜೊತೆಗೆ ತಿಂಗಳು, ವರ್ಷ ಕಾಣುವಂತೆ ಸ್ಕ್ರೀನ್‌ಶಾಟ್ ಕೂಡ ಇಟ್ಟುಕೊಳ್ಳಿ. ಕಾರು ಮತ್ತೆ ಆ ಬೀದಿಗೆ ಬಂದರೆ ಮ್ಯಾಪ್‌ನಲ್ಲಿ ಮೊದಲು ಕಾಣುವ ಚಿತ್ರ ಬೇರೆಯೇ ಆಗಿರುತ್ತದೆ.