ಉಳುಕಿದ ಕಾಲು ಮತ್ತೆ ನೆಗೆಯುವವರೆಗೆ

ಫುಟ್‌ಪಾತಿನ ಎದ್ದ ಚಪ್ಪಡಿ ಕಲ್ಲಿನ ಅಂಚಿಗೆ ಸಿಕ್ಕಿ ನನ್ನ ಬಲಪಾದ ಒಳಕ್ಕೆ ಮಗುಚಿ, ಕಣಕಾಲಿನ ಹೊರಬದಿಯ ಲಿಗಮೆಂಟ್ ಎಳೆದುಕೊಂಡಿತ್ತು. ಕಾಲೂರಿ ನಾಲ್ಕು ಹೆಜ್ಜೆ ನಡೆಯಲು ಆಗದಿದ್ದರೆ, ಅಥವಾ ಗಿಣ್ಣಿನ ಮೂಳೆಯನ್ನೇ ಒತ್ತಿದಾಗ ನೋವಿದ್ದರೆ ಮೊದಲು ಎಕ್ಸ್‌ರೇ ಆಗಬೇಕು. ನನಗೆ ಎರಡೂ ಇರಲಿಲ್ಲ. ಆದರೂ ಕುಂಟದೆ ನಡೆಯಲು ಬರುವವರೆಗೆ ಒಂಟಿಕಾಲಿನ ಅಭ್ಯಾಸ ಶುರು ಮಾಡಲಿಲ್ಲ.

ಮೊದಲು ಅಡುಗೆಮನೆಯ ಕಟ್ಟೆಯ ಪಕ್ಕ ಬರಿಗಾಲಲ್ಲಿ ಒಂಟಿಕಾಲಿನ ಮೇಲೆ ನಿಂತೆ: 30 ಸೆಕೆಂಡು, ನಾಲ್ಕು ಸಲ, ದಿನಕ್ಕೆರಡು ಹೊತ್ತು. ಭಾರ ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ ಮೂರಕ್ಕೂ ಹಂಚಬೇಕು. ಉಳುಕಿದ ಕಾಲು ಸದ್ದಿಲ್ಲದೆ ಹೊರ ಅಂಚಿಗೆ ವಾಲುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಹೆಬ್ಬೆರಳ ಬುಡದಡಿ ಪೇಪರ್ ತುಂಡು ಇಟ್ಟು ಮನೆಯವರಿಗೆ ಮೆಲ್ಲಗೆ ಎಳೆಯಲು ಹೇಳುತ್ತಿದ್ದೆ. ಸರಕ್ಕನೆ ಬಂದರೆ ಭಾರ ಹೊರಗೆ ಹೋಗಿದೆ ಎಂದೇ ಅರ್ಥ. ಬೆರಳು ಮಡಚಿ ನೆಲ ಕಚ್ಚುವುದೂ ತಪ್ಪು. ಇಷ್ಟು ನೆಟ್ಟಗಾದ ಮೇಲೆ ಕಣ್ಣು ಮುಚ್ಚಿ 10 ಸೆಕೆಂಡು ನಿಂತೆ. ಕಣ್ಣಿನ ಆಸರೆ ತಪ್ಪಿದಾಗ, ಪಾದ ಎತ್ತ ವಾಲುತ್ತಿದೆ ಎಂಬುದನ್ನು ಕೀಲು ತಾನೇ ಅರಿಯಬೇಕಾಗುತ್ತದೆ. ಜೊತೆಗೇ ಹಿಮ್ಮಡಿ ಎತ್ತಿ ಇಳಿಸುವುದು. ಒಂಟಿಕಾಲಲ್ಲಿ 20 ಸಲ, ಎಡಗಾಲಿನಷ್ಟೇ ಎತ್ತರಕ್ಕೆ ಬರುವವರೆಗೆ ನೆಗೆತದ ಮಾತಿಲ್ಲ.

ನೆಗೆತಕ್ಕೆ ಶೂ ಹಾಕಿಕೊಂಡು ಪಾರ್ಕಿನ ಸಮತಟ್ಟು ಮಣ್ಣಿನ ಹಾದಿಗೆ ಹೋದೆ. ಮನೆಯ ಟೈಲ್ಸ್ ಜಾರುತ್ತದೆ. ಎರಡೂ ಕಾಲಲ್ಲಿ ಹತ್ತರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಆಮೇಲೆ ಎರಡು ಕಾಲಲ್ಲಿ ಎದ್ದು ಬಲಗಾಲಲ್ಲಿ ಇಳಿಯುವುದು, ಕೊನೆಗೆ ಒಂಟಿಕಾಲಲ್ಲೇ ಮುಂದಕ್ಕೆ. ಎಷ್ಟು ದೂರ ಹಾರಿದೆ ಅನ್ನುವುದಕ್ಕಿಂತ ಹೇಗೆ ಇಳಿದೆ ಅನ್ನುವುದು ಮುಖ್ಯ. ಮಂಡಿ ಮಡಚಿ, ಸದ್ದಾಗದಂತೆ ಇಳಿದು, ಮೂರು ಸೆಕೆಂಡು ಅಲ್ಲಾಡದೆ ನಿಲ್ಲಬೇಕು.

ಪಕ್ಕದ ನೆಗೆತವನ್ನು ಕೊನೆಗೆ ಇಟ್ಟುಕೊಂಡೆ. ಬಲಗಾಲಲ್ಲಿ ಎಡಕ್ಕೆ ಹಾರುವುದು ಸುಲಭ. ಬಲಕ್ಕೆ ಹಾರಿದಾಗ ಮಾತ್ರ ದೇಹದ ವೇಗ ಪಾದದ ಹೊರ ಅಂಚನ್ನು ದಾಟಿ ಹೋಗಲು ನೋಡುತ್ತದೆ, ಕಾಲು ಉಳುಕಿದ್ದೂ ಹಾಗೆಯೇ. ಹಾಗಾಗಿ ಮೊದಲು ಅಡ್ಡ ಹೆಜ್ಜೆ, ಆಮೇಲೆ ನೆಲದ ಮೇಲೆ 15 ಸೆಂಟಿಮೀಟರ್ ಅಂತರದ ಎರಡು ಗೆರೆ ಎಳೆದು ಆಚೆಯಿಂದ ಈಚೆಗೆ.

ಅದನ್ನು 30ಕ್ಕೆ ಏರಿಸಿದ ಮರುದಿನ ಬೆಳಿಗ್ಗೆ, ಹೊರಗಿಣ್ಣಿನ ಮುಂದಿನ ಸಣ್ಣ ಗುಳಿ ಊದಿ ಮುಚ್ಚಿಹೋಗಿತ್ತು. ನೆಗೆಯುವಾಗ ನೋವೇ ಇರಲಿಲ್ಲ, ಕೀಲಿಗೆ ಹೆಚ್ಚಾಗಿದ್ದು ಗೊತ್ತಾಗಿದ್ದು ಆ ಊತದಿಂದ. ಎರಡು ದಿನ ಬರೀ ನಿಲ್ಲುವ ಅಭ್ಯಾಸ ಮಾಡಿ, ಮತ್ತೆ 15ರಿಂದ ಶುರು ಮಾಡಿ, ಗುಳಿ ಹಾಗೇ ಉಳಿದಾಗಲೆಲ್ಲ ಐದೈದು ಸೆಂಟಿಮೀಟರ್ ಏರಿಸಿದೆ. 30ರ ಗೆರೆಯ ಮೇಲೆ ಹತ್ತು ಸಲ ಹೋಗಿಬರಲು ಎರಡು ಕಾಲಿಗೂ ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿದ ಮೇಲೆಯೇ ಶಟಲ್ ಕೋರ್ಟಿಗೆ ಇಳಿದದ್ದು.