ಗುರು, ರೋಹಿಣಿ ಮತ್ತು ನಾಲ್ಕು ಬೆರಳು

ಮಕ್ಕಳಿಗೆ ಆಕಾಶ ತೋರಿಸುತ್ತೇವೆ ಅಂತ ತಾರಸಿ ಮೇಲೆ ಹೋಗುವುದು, ಮೊಬೈಲ್ ಎತ್ತಿ ಹಿಡಿಯುವುದು, ಅದರಲ್ಲಿ ಬರೆದ ಹೆಸರು ಓದುವುದು, ಇಳಿದು ಬರುವುದು. ನಮ್ಮ ಮನೆಯ ಸೊಸೆ, ಮಗ ಇಬ್ಬರೂ ಹೀಗೇ. ಮಗು ನೋಡಿದ್ದು ಮೊಬೈಲನ್ನೇ ಅಲ್ವಾ?

ಮೊದಲು ಮೆಟ್ಟಿಲ ದೀಪ ಆರಿಸಿ. ಚಾಪೆ ಹಾಸಿ ಮಲಗಿಸಿ, ಕಣ್ಣು ಕತ್ತಲಿಗೆ ಹೊಂದುವ ತನಕ ಸುಮ್ನೆ ಹರಟಿ. ಚಾಪೆಗೆ ಮುಂಚೆ ಒಂದು ಸಲ ಗುಡಿಸಿ. ಸಂಡಿಗೆ ಒಣಗಿಸಿದ ಮೇಲೆ ಪುಡಿ ಹಾಗೇ ಬಿಟ್ಟರೆ ಇರುವೆ ಸಾಲುಗಟ್ಟುತ್ತದೆ. ಎಷ್ಟು ಸಲ ಹೇಳಿದರೂ ಯಾರೂ ಕೇಳುವುದಿಲ್ಲ.

2024ರ ಡಿಸೆಂಬರಿನಲ್ಲಿ ಮೊಮ್ಮಗಳಿಗೆ ತೋರಿಸಿದ್ದು ಗುರು ಗ್ರಹ ಮತ್ತು ರೋಹಿಣಿ ನಕ್ಷತ್ರ. ಊಟವಾದ ಮೇಲೆ ಪೂರ್ವಕ್ಕೆ ಎರಡೂ ಹತ್ತಿರ ಹತ್ತಿರ ಕಾಣುತ್ತಿದ್ದವು. "ಅಜ್ಜಿ, ದೊಡ್ಡದು ಅಲ್ಲಾಡ್ತಾನೇ ಇಲ್ಲ, ಕೆಂಪಗಿರೋದು ಪಿಳಿಪಿಳಿ ಅಂತಿದೆ" ಎಂದಳು. ಅಲ್ಲಾಡದ್ದು ಗುರು, ಕೆಂಪಗಿನದು ರೋಹಿಣಿ. ರೋಹಿಣಿಯ ಬೆಳಕು ನಮಗೆ ತಲುಪಲು ಸುಮಾರು 65 ವರ್ಷ ಬೇಕು. ಅಂದು ಗುರುವಿನದು ಅರ್ಧ ಗಂಟೆ ಚಿಲ್ಲರೆಗೆ ಬಂದಿತ್ತು. ಅಷ್ಟು ದೂರದ ರೋಹಿಣಿ ಬರೀ ಚುಕ್ಕಿ. ಒಂಟಿ ಬತ್ತಿಯ ದೀಪ ಗಾಳಿಗೆ ಹೊಯ್ದಾಡುವ ಹಾಗೆ, ನಮ್ಮ ಮೇಲಿನ ಗಾಳಿ ಅದರ ಬೆಳಕನ್ನು ಕುಣಿಸುತ್ತದೆ. ಗುರು ಸಣ್ಣ ಬಿಲ್ಲೆ. ಅದರ ಒಂದು ಕಡೆಯ ಬೆಳಕು ಅಲುಗಿದರೆ ಇನ್ನೊಂದು ಕಡೆಯದು ಸರಿದೂಗಿಸುತ್ತದೆ.

ಆದರೆ ಮಿನುಗನ್ನೇ ನಂಬಿ ಕೂರಬೇಡಿ. ದಿಗಂತದ ಹತ್ತಿರ ಗಾಳಿ ದಪ್ಪ, ಅಲ್ಲಿ ಗ್ರಹವೂ ಮಿನುಗುತ್ತದೆ. ತೆಂಗಿನ ತಲೆಗಿಂತ ಸಾಕಷ್ಟು ಮೇಲೆ ಬಂದ ಮೇಲೆ ನೋಡಿ.

ಗ್ರಹ ಜರುಗುವುದನ್ನು ಕಾಣಲು ನಾನು ಬಿಡದೆ ಮಾಡಿಸುವುದು ಬೆರಳಿನ ಅಳತೆ. ನಮ್ಮತ್ತೆ ಕಲಿಸಿದ್ದು. ಅವರಿಗೆ ಓದು ಬರಹ ಇರಲಿಲ್ಲ, ಕಣ್ಣಿತ್ತು. ಒಂದು ಕಣ್ಣು ಮುಚ್ಚಿ, ತೋಳು ಪೂರ್ತಿ ಚಾಚಬೇಕು. ಮೊಣಕೈ ಮಡಚಿದರೆ ಅಳತೆ ಕೆಟ್ಟ ಹಾಗೆ. ಬೆರಳುಗಳನ್ನು ಒತ್ತಾಗಿ ಜೋಡಿಸಿ, ರೋಹಿಣಿಯ ಪಕ್ಕಕ್ಕೆ ಮೊದಲ ಬೆರಳಿನ ಅಂಚು ತಾಗಿಸಿ, ಗುರು ಎಷ್ಟನೇ ಬೆರಳಿಗೆ ಬಂತು ಎಣಿಸಬೇಕು. ಪ್ರತಿ ಸಲ ಅದೇ ಮಗು, ಅದೇ ಕೈ. ಇವತ್ತು ಅಪ್ಪನ ದಪ್ಪ ಬೆರಳು, ಮುಂದಿನ ತಿಂಗಳು ಮಗಳದು ಅಂತ ಮಾಡಿದರೆ ಪ್ರಯೋಜನವಿಲ್ಲ. ಎಣಿಸಿದ್ದನ್ನು ಅವಳ ಕೈಯಲ್ಲೇ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆಸಿದೆ: ನಾಲ್ಕು.

ಮರುದಿನವೇ "ಏನೂ ಜರುಗಿಲ್ಲ" ಎಂದು ಮುಖ ಊದಿಸಿದಳು. ಗುರು ಅಷ್ಟು ಬೇಗ ಜರುಗುವುದಿಲ್ಲ ಪುಟ್ಟಿ, ವಾರಗಟ್ಟಲೆ ಬೇಕು. ಫೆಬ್ರವರಿ ಶುರುವಿನಲ್ಲಿ ಎರಡೂ ನೆತ್ತಿಯ ಹತ್ತಿರ ಬಂದಿದ್ದವು. ಮಲಗಿಕೊಂಡೇ ಅಳೆದಳು: ಮೂರೇ ಬೆರಳು. ರೋಹಿಣಿಯೇ ಜರುಗಿರಬಾರದೇಕೆ ಎಂದು ವಾದಕ್ಕಿಳಿದಳು. ರೋಹಿಣಿಯ ಪಕ್ಕದ ಸಣ್ಣ ಚುಕ್ಕಿಗಳ ಗುಂಪು ತೋರಿಸಿದೆ. ಅದರೊಳಗೆ ಒಂದೂ ಕದಲಿರಲಿಲ್ಲ, ರೋಹಿಣಿಯೂ ಅವುಗಳ ಪಕ್ಕ ಇದ್ದಲ್ಲೇ ಇತ್ತು. ಮತ್ತೆ ಅಳೆದಳು, ಮೂರೇ.