‘ತೋಳು ತೆಗೆಯಿರಿ’ ಎಂದರೆ ಫೋಟೊ ಆ್ಯಪ್ ಒಪ್ಪದಿರುವುದೇಕೆ?

ಮಂಡ್ಯದಲ್ಲಿ ಮನೆಯಲ್ಲಿಯೇ ಬ್ಲೌಸ್ ಹೊಲಿಯುವ ಪರಿಚಿತ ಮಹಿಳೆಯೊಬ್ಬರು ಬಟ್ಟೆಗೆ ಕತ್ತರಿ ಹಾಕುವ ಮೊದಲು ಗಿರಾಕಿಗೆ ಮಾದರಿ ಚಿತ್ರವನ್ನು ಮೊಬೈಲಿನಲ್ಲಿ ಕಳುಹಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ. ಹಿಂದೆ ಇದನ್ನು ಕಾಗದದ ಮೇಲೆ ಬಿಡಿಸಿ ತೋರಿಸುತ್ತಿದ್ದರು. ಈಗ ಬರಹದ ಸೂಚನೆ ಕೊಟ್ಟರೆ ಫೋಟೊ ತಿದ್ದಿಕೊಡುವ ಎಐ ಆ್ಯಪ್ ಬಳಸುತ್ತಾರೆ. ಕಳೆದ ತಿಂಗಳು ಗಿರಾಕಿಯೊಬ್ಬರು ಮೈಸೂರು ಸಿಲ್ಕ್ ಸೀರೆಗೆ ಉದ್ದ ತೋಳಿನ ಬ್ಲೌಸ್ ತೊಟ್ಟು, ಬೆನ್ನು ಕಾಣುವಂತೆ ನಿಂತ ತಮ್ಮ ಫೋಟೊ ಕೊಟ್ಟು, ತೋಳು ಮೊಣಕೈವರೆಗೆ ಬಂದರೆ ಮತ್ತು ಬೆನ್ನಿಗೆ ಮಡಕೆಯಾಕಾರದ ಪಾಟ್ ನೆಕ್ ಇಟ್ಟರೆ ಹೇಗಿರುತ್ತದೆಂದು ಕೇಳಿದರು. ಇವರು ಬರೆದದ್ದು ಹೀಗೆ: ‘ಹೆಂಗಸಿನ ತೋಳು ತೆಗೆದುಹಾಕಿ, ಬೆನ್ನು ಓಪನ್ ಮಾಡಿ, ಸೆರಗು ಸರಿಸಿ.’ ಆ್ಯಪ್ ಮೂರು ಬಾರಿಯೂ ನಿರಾಕರಿಸಿತು. ‘ನಾನೇನು ಕೇಳಬಾರದ್ದು ಕೇಳಿದೆನೇ?’ ಎಂದು ಅವರು ಬೇಸರಪಟ್ಟುಕೊಂಡರು.

ಕೇಳಬಾರದ್ದನ್ನು ಅವರು ಕೇಳಿರಲಿಲ್ಲ. ಆದರೆ ಅವರ ವಾಕ್ಯ, ಕೇಳಬಾರದ್ದನ್ನು ಕೇಳುವವರ ವಾಕ್ಯದಂತೆಯೇ ಇತ್ತು. ಹೆಂಗಸರ ಫೋಟೊಗಳಿಂದ ಬಟ್ಟೆ ಅಳಿಸಿ ನಕಲಿ ಚಿತ್ರ ಸೃಷ್ಟಿಸುವ ಆ್ಯಪ್‌ಗಳು 2019ರಿಂದಲೇ ಸುದ್ದಿಯಲ್ಲಿವೆ. ಆ ದುರುಪಯೋಗವನ್ನು ತಡೆಯಲೆಂದು ಕಂಪನಿಗಳು ಸುರಕ್ಷತಾ ಫಿಲ್ಟರ್‌ಗಳನ್ನು ಇಟ್ಟಿವೆ. ಸಾಮಾನ್ಯವಾಗಿ ಇವು ಮೂರು ಕಡೆ ಕೆಲಸ ಮಾಡುತ್ತವೆ: ಒಂದು ನಾವು ಬರೆದ ಸೂಚನೆಯನ್ನು ಓದುತ್ತದೆ, ಇನ್ನೊಂದು ನಾವು ಕೊಟ್ಟ ಫೋಟೊವನ್ನು ನೋಡುತ್ತದೆ, ಮತ್ತೊಂದು ತಯಾರಾದ ಚಿತ್ರವನ್ನು ನಮಗೆ ತೋರಿಸುವ ಮೊದಲು ಪರಿಶೀಲಿಸುತ್ತದೆ. ಇವು ಯಾವುದೂ ದರ್ಜಿಯ ಮನಸ್ಸನ್ನು ಓದಲಾರವು. ಹಿಂದೆ ಕಂಡ ಅಪಾಯಕಾರಿ ಉದಾಹರಣೆಗಳಿಗೆ ಇದು ಎಷ್ಟು ಹತ್ತಿರವಿದೆ ಎಂದು ಅಂದಾಜು ಮಾಡಿ, ಆ ಅಂದಾಜು ಒಂದು ಮಿತಿ ದಾಟಿದರೆ ತಡೆಯುತ್ತವೆ. ಮಿತಿಯನ್ನು ಬಿಗಿಯಾಗಿಟ್ಟಷ್ಟೂ ನಿರ್ದೋಷಿ ಕೋರಿಕೆಗಳು ಸಿಕ್ಕಿಬೀಳುವುದು ಹೆಚ್ಚು.

ಇನ್ನೂ ಒಂದು ಕಾರಣವಿದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದದ್ದು. ಬ್ಲೌಸಿನ ತೋಳಿನ ಕೆಳಗೆ ಏನಿದೆಯೆಂಬುದು ಫೋಟೊದಲ್ಲಿ ಇಲ್ಲವೇ ಇಲ್ಲ. ತೋಳನ್ನು ಮೊಟಕು ಮಾಡಿದಾಗ ಅಲ್ಲಿ ಕಾಣುವ ಕೈ ಆ ಗಿರಾಕಿಯದಲ್ಲ, ಯಂತ್ರ ಊಹಿಸಿ ಬಿಡಿಸಿದ್ದು. ಒಬ್ಬ ನಿಜವಾದ ವ್ಯಕ್ತಿಯ ಮೈಯನ್ನು ಹೀಗೆ ಊಹಿಸಿ ಬಿಡಿಸುವ ಕೆಲಸವೆಂದರೆ ಫಿಲ್ಟರ್ ಎಚ್ಚರವಾಗುತ್ತದೆ. ಊಹಿಸಬೇಕಾದ ಭಾಗ ಹೆಚ್ಚಿದಷ್ಟೂ ಅನುಮಾನವೂ ಹೆಚ್ಚಬಹುದು.

ಹಾಗಾಗಿ ಮೊದಲು ಮಾಡಬೇಕಾದದ್ದು, ತಡೆದದ್ದು ಯಾವ ಹಂತದಲ್ಲಿ ಎಂದು ಪತ್ತೆ ಹಚ್ಚುವುದು. ಗುಂಡಿ ಒತ್ತಿದ ತಕ್ಷಣ ನಿರಾಕರಣೆ ಬಂದರೆ ಸೂಚನೆಯಲ್ಲೋ ಮೂಲ ಫೋಟೊದಲ್ಲೋ ತೊಡಕಿರುವ ಸಂಭವ ಹೆಚ್ಚು. ಚಿತ್ರ ತಯಾರಾಗುತ್ತಿರುವಂತೆ ತುಸು ಹೊತ್ತು ತಿರುಗಿ, ಕೊನೆಗೆ ಕಪ್ಪು ಅಥವಾ ಮಸುಕು ಚಿತ್ರ ಬಂದರೆ ತಡೆದದ್ದು ಕೊನೆಯ ಹಂತದಲ್ಲಿ. ಖಚಿತಪಡಿಸಿಕೊಳ್ಳಲು ಅದೇ ಫೋಟೊ ಕೊಟ್ಟು ‘ಹಿಂದಿನ ಗೋಡೆಗೆ ಬಿಳಿ ಬಣ್ಣ ಕೊಡಿ’ ಎಂದು ಬರೆದು ನೋಡಬೇಕು. ಅದು ನಡೆದರೆ ಫೋಟೊದಲ್ಲಿ ದೋಷವಿಲ್ಲ, ವಾಕ್ಯದಲ್ಲಿದೆ ಎಂದು ತಿಳಿಯಬಹುದು. ಇವರ ಫೋಟೊದಲ್ಲಿ ಗೋಡೆ ತಕರಾರಿಲ್ಲದೆ ಬೆಳ್ಳಗಾಯಿತು.

ಇನ್ನು ವಾಕ್ಯವನ್ನು ನೋಡೋಣ. ‘ತೋಳು’ ಎಂದರೆ ದರ್ಜಿಗೆ ಬ್ಲೌಸಿನ ಭಾಗ, ಉಳಿದವರಿಗೆ ಮೈಯ ಭಾಗ. ‘ಬೆನ್ನು’ ಕೂಡ ಹಾಗೆಯೇ. ‘ಓಪನ್ ಮಾಡಿ’ ಎಂಬುದು ಹೊಲಿಗೆಯವರ ನಡುವೆ ಕತ್ತಿನ ಆಕಾರದ ಮಾತು. ಹೊರಗಿನವರಿಗೆ ಬಿಚ್ಚುವ ಮಾತು. ಸೆರಗಿನ ವಿಷಯದಲ್ಲಂತೂ ಎರಡಕ್ಷರ ಅರ್ಥವನ್ನೇ ಕೆಡಿಸಿತ್ತು: ಇವರಿಗೆ ಬೇಕಾದದ್ದು ನೆರಿಗೆ ಕೂರುವಂತೆ ಸೆರಗನ್ನು ‘ಸರಿಪಡಿಸು’ವುದು, ಬರೆದದ್ದು ‘ಸರಿಸಿ’ ಎಂದು. ಇಡೀ ವಾಕ್ಯದಲ್ಲಿ ಬ್ಲೌಸ್ ಎಂಬ ಪದವೇ ಇರಲಿಲ್ಲ; ಹೆಂಗಸು, ತೋಳು, ಬೆನ್ನು, ಸೆರಗು, ತೆಗೆ, ಓಪನ್, ಸರಿಸು ಎಂಬವಷ್ಟೇ ಇದ್ದವು.

ತಿದ್ದುವಾಗ ಪಾಲಿಸಬೇಕಾದ ಕ್ರಮ ಸರಳವಾದದ್ದು. ಏನನ್ನು ತೆಗೆಯಬೇಕು ಎಂಬುದರ ಬದಲು, ಕೊನೆಗೆ ವ್ಯಕ್ತಿ ಯಾವ ಉಡುಪಿನಲ್ಲಿರಬೇಕು ಎಂಬುದನ್ನು ಬರೆಯಬೇಕು. ವಾಕ್ಯದ ಕರ್ತೃ ಮೈಯಾಗದೆ ಉಡುಪಾಗಬೇಕು. ಅಳತೆ ಗೊತ್ತಿದ್ದರೆ ಅದನ್ನೂ ಹೇಳಬೇಕು, ಬದಲಾಗಬಾರದ್ದನ್ನೂ ಹೇಳಬೇಕು. ಕೊನೆಗೆ ಅವರು ಬರೆದದ್ದು: ‘ಇದು ಬ್ಲೌಸ್ ಹೊಲಿಗೆಯ ಮಾದರಿ ಚಿತ್ರ. ಈಗಿರುವ ಉದ್ದ ತೋಳಿನ ಬ್ಲೌಸಿನ ಬದಲು ಅದೇ ಹಸಿರು ರೇಷ್ಮೆಯ, ಮೊಣಕೈವರೆಗಿನ ತೋಳಿನ ಬ್ಲೌಸ್ ತೋರಿಸಿ. ಬ್ಲೌಸಿನ ಹಿಂಭಾಗದಲ್ಲಿ ಪಾಟ್ ನೆಕ್ ಇರಲಿ, ಅಂಚಿಗೆ ಜರಿ ಪೈಪಿಂಗ್ ಇರಲಿ. ಸೆರಗು ಎಡ ಭುಜದ ಮೇಲೆ ನೆರಿಗೆ ಹಿಡಿದಂತೆ ಇರಲಿ. ಸೀರೆ, ಭಂಗಿ, ಹಿನ್ನೆಲೆ ಬದಲಾಗಬಾರದು.’ ತಿದ್ದಬೇಕಾದ ಜಾಗವನ್ನು ಬೆರಳಿನಿಂದ ಗುರುತಿಸುವ ಸೌಲಭ್ಯವಿದ್ದರೆ ತೋಳು ಮತ್ತು ಕತ್ತಿನ ಅಂಚನ್ನಷ್ಟೇ ಗುರುತಿಸಬೇಕು. ಫೋಟೊವನ್ನು ಅಲ್ಲಿಗಷ್ಟೇ ಕತ್ತರಿಸಿಕೊಡುವುದು ಜಾಣತನವಲ್ಲ, ಏಕೆಂದರೆ ಆಗ ಚೌಕಟ್ಟಿನ ತುಂಬ ಚರ್ಮವೇ ಕಾಣುತ್ತದೆ, ಸೀರೆ ಕಾಣುವುದಿಲ್ಲ.

ಬಣ್ಣದ ಹೆಸರಿನಲ್ಲಿಯೂ ಎಡವುವುದುಂಟು. ಮ್ಯಾಚಿಂಗ್ ಸೆಂಟರುಗಳಲ್ಲಿ ಲೈನಿಂಗ್ ಬಟ್ಟೆಗೆ ‘ನ್ಯೂಡ್ ಶೇಡ್’, ‘ಸ್ಕಿನ್ ಕಲರ್’ ಎನ್ನುವುದು ರೂಢಿ. ಈ ಎರಡೂ ಪದಗಳು ಸೂಚನೆಯಲ್ಲಿ ತೊಂದರೆ ಕೊಡಬಹುದು. ಬಿಸ್ಕತ್ ಬಣ್ಣ ಎಂದರೆ ಅದೇ ಬಟ್ಟೆ, ಗೊಂದಲವಿಲ್ಲ. ಆದರೂ ಬಟ್ಟೆಯ ಬಣ್ಣ ಮೈಬಣ್ಣಕ್ಕೆ ತೀರ ಹತ್ತಿರವಿದ್ದರೆ ಕೊನೆಯ ಹಂತದ ಫಿಲ್ಟರ್ ಬಟ್ಟೆಯನ್ನೇ ಚರ್ಮವೆಂದು ಭ್ರಮಿಸಬಹುದು. ಹಾಗೆಯೇ ‘ಅಶ್ಲೀಲವಾಗಿ ಬೇಡ’ ಎಂದು ಸೇರಿಸುವುದರಿಂದ ಉಪಕಾರವಿಲ್ಲ. ‘ಬೇಡ’ ಎಂಬುದು ಹಿಂದೆ ಬಿದ್ದು ‘ಅಶ್ಲೀಲ’ ಎಂಬುದೇ ಎದ್ದು ಕಾಣುತ್ತದೆ.

ಇಷ್ಟು ಹೇಳಿದ ಮೇಲೆ, ಇದು ಫಿಲ್ಟರಿನ ಕಣ್ಣಿಗೆ ಮಣ್ಣೆರಚುವ ವಿದ್ಯೆಯೇ ಎಂದು ಯಾರಾದರೂ ಕೇಳಬಹುದು. ಗೆರೆ ಎಲ್ಲಿದೆಯೆಂದು ತಿಳಿಯಲು ಒಂದು ಪರೀಕ್ಷೆ ಸಾಕು: ಹೊಸ ವಾಕ್ಯವನ್ನು ಓದಿದ ಅಪರಿಚಿತರು, ನಮ್ಮ ಮನಸ್ಸಿನಲ್ಲಿದ್ದ ಚಿತ್ರವನ್ನೇ ಕಲ್ಪಿಸಿಕೊಳ್ಳುತ್ತಾರೆಯೇ? ಮೇಲಿನ ವಾಕ್ಯ ಓದಿದವರು ಪಾಟ್ ನೆಕ್ ಬ್ಲೌಸನ್ನೇ ಕಲ್ಪಿಸಿಕೊಳ್ಳುತ್ತಾರೆ. ಅಕ್ಷರ ತಪ್ಪಿಸಿ ಬರೆಯುವುದು, ಗುಟ್ಟಿನ ಪದ ಬಳಸುವುದು, ಇಲ್ಲದ ವೈದ್ಯಕೀಯ ಕಾರಣ ಹೇಳುವುದು, ಪಾಟ್ ನೆಕ್ ಎಂದು ಆರಂಭಿಸಿ ಒಂದೊಂದೇ ಹೆಜ್ಜೆಗೆ ಬಟ್ಟೆ ಕಡಿಮೆ ಮಾಡುತ್ತ ಹೋಗುವುದು ಈ ಪರೀಕ್ಷೆಯಲ್ಲಿ ಉಳಿಯುವುದಿಲ್ಲ. ಫೋಟೊದಲ್ಲಿರುವವರ ಒಪ್ಪಿಗೆಯನ್ನು ಮೊದಲೇ ಕೇಳಿರಬೇಕು. ‘ಒಪ್ಪಿಗೆ ಇದೆ’ ಎಂದು ಬರೆದರೆ ಅದನ್ನು ಪರಿಶೀಲಿಸುವ ದಾರಿ ಯಂತ್ರಕ್ಕಿಲ್ಲ, ಆದ್ದರಿಂದ ಆ ಮಾತು ಬೀಗದ ಕೈಯಲ್ಲ. ಮಕ್ಕಳ ಫೋಟೊದಲ್ಲಿ ಬಟ್ಟೆ ತಿದ್ದಲು ನಿರಾಕರಣೆ ಬಂದರೆ ವಾಕ್ಯ ಬದಲಿಸುತ್ತ ಕೂರದೆ ಅಲ್ಲಿಗೇ ಬಿಡಬೇಕು.

ಸ್ಪಷ್ಟವಾಗಿ ಬರೆದ ಮೇಲೂ ಎಲ್ಲವೂ ನಡೆಯುತ್ತದೆಂದಲ್ಲ. ನಮ್ಮ ದರ್ಜಿಯ ಹೊಸ ವಾಕ್ಯಕ್ಕೆ ಮೊಣಕೈ ತೋಳಿನ ಪಾಟ್ ನೆಕ್ ಬ್ಲೌಸ್ ಮೊದಲ ಪ್ರಯತ್ನದಲ್ಲೇ ಬಂತು. ಆದರೆ ಅದನ್ನು ನೋಡಿದ ಗಿರಾಕಿ, ಬೆನ್ನಿನ ಆಳ ಒಂಬತ್ತು ಇಂಚಿದ್ದು ಮೇಲೆ ದಾರ ಕಟ್ಟುವ ಇನ್ನೊಂದು ಮಾದರಿಯನ್ನೂ ಕೇಳಿದರು. ಅದು ತಯಾರಾಗುತ್ತಿರುವಂತೆ ತೋರಿ, ಕೊನೆಗೆ ಮಸುಕಾಗಿ ನಿಂತಿತು. ಎರಡನೆಯ ಸಲವೂ ಹಾಗೆಯೇ ಆದಾಗ ಅವರು ಆ್ಯಪ್ ಮುಚ್ಚಿ, ಹಳೆಯ ಬ್ಲೌಸೊಂದನ್ನು ಗೊಂಬೆಗೆ ತೊಡಿಸಿ, ಬೆನ್ನಿನ ಮೇಲೆ ಸೀಮೆಸುಣ್ಣದಿಂದ ಒಂಬತ್ತು ಇಂಚಿನ ಗೆರೆ ಎಳೆದು ಫೋಟೊ ಕಳುಹಿಸಿದರು. ‘ಏಳು ಸಾಕು’ ಎಂದು ಗಿರಾಕಿಯಿಂದ ಉತ್ತರ ಬಂತು.